ಮೆನುಗೆ ಮತ್ತೆ ಹೋಗಬೇಡಿ, F4 ಒತ್ತಿ: ವರ್ಡ್ ನೆನಪಿಡುವ ಆ ಒಂದೇ ಕೆಲಸ

ಆಗಸ್ಟ್ ಬಂತೆಂದರೆ ಮಲೆನಾಡಿನ ಸೊಸೈಟಿಗಳಲ್ಲಿ ವಾರ್ಷಿಕ ವರದಿಯ ಗಡಿಬಿಡಿ ಶುರು. ಮಾರ್ಚ್ 31ಕ್ಕೆ ಲೆಕ್ಕದ ವರ್ಷ ಮುಗಿದ ಮೇಲೆ ಆರು ತಿಂಗಳೊಳಗೆ ಮಹಾಸಭೆ ಆಗಬೇಕು. ಅದಕ್ಕೂ ಮೊದಲು ವರದಿ ಅಚ್ಚಾಗಿ ಸದಸ್ಯರ ಕೈ ಸೇರಬೇಕು. ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ಯಾವಾಗ ಕರೆಂಟ್ ಹೋಗುತ್ತದೋ ಎಂಬ ಆತಂಕ. ಇಂಥ ಹೊತ್ತಿನಲ್ಲಿ ಟೈಪ್ ಮಾಡುವವರ ಸಮಯ ತಿನ್ನುವುದು ಟೈಪಿಂಗ್ ಅಲ್ಲ, ಟೈಪ್ ಆದ ಮೇಲಿನ ಸಿಂಗಾರ. ಒಂದು ಶೀರ್ಷಿಕೆ ಆಯ್ದು ದಪ್ಪ ಮಾಡು, ಅಳತೆ ಹೆಚ್ಚಿಸು, ಬಣ್ಣ ಹಾಕು. ಮುಂದಿನ ಶೀರ್ಷಿಕೆಗೆ ಹೋಗಿ ಮತ್ತೆ ಅದೇ ಮೆನು, ಅದೇ ಪಟ್ಟಿ, ಅದೇ ಬಣ್ಣ.

ಕೀಲಿಮಣೆಯ ಮೇಲಿನ ಸಾಲಿನಲ್ಲಿರುವ F4 ಈ ಮರುಸುತ್ತಾಟವನ್ನು ತಪ್ಪಿಸುತ್ತದೆ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ನೀವು ಕೊನೆಯದಾಗಿ ಮಾಡಿದ ಕೆಲಸ ಯಾವುದೋ ಅದನ್ನೇ ಹೊಸ ಜಾಗದಲ್ಲಿ ಇನ್ನೊಮ್ಮೆ ಮಾಡುವುದು ಅದರ ಕೆಲಸ. ಒಂದು ಸಾಲನ್ನು ಹಸಿರು ಮಾಡಿದಿರಿ, ಇನ್ನೊಂದು ಸಾಲು ಆಯ್ದು F4 ಒತ್ತಿದಿರಿ, ಅದೂ ಹಸಿರಾಯಿತು. ಇಷ್ಟು ಬಹಳ ಜನಕ್ಕೆ ಗೊತ್ತು. ಆದರೂ ಒಂದೆರಡು ದಿನ ಬಳಸಿ ಬಿಟ್ಟುಬಿಡುವವರೇ ಹೆಚ್ಚು. ಕೇಳಿದರೆ, "ಅದು ಒಂದೊಂದು ಸಲ ಒಂದೊಂದು ಥರ ಮಾಡ್ತದೆ" ಅನ್ನುತ್ತಾರೆ. ಹಾಗೇನೂ ಇಲ್ಲ. ಅದು ಪ್ರತಿ ಸಲವೂ ಒಂದೇ ಥರ ಮಾಡುತ್ತದೆ. "ಕೊನೆಯ ಕೆಲಸ" ಅಂದರೆ ನಾವು ಅಂದುಕೊಂಡದ್ದು ಒಂದು, ವರ್ಡ್ ಲೆಕ್ಕ ಹಾಕುವುದು ಇನ್ನೊಂದು. ಎಡವಟ್ಟೆಲ್ಲ ಅಲ್ಲಿಂದಲೇ.

ಮೊದಲು ಕೀಲಿಯ ವಿಷಯ ಮುಗಿಸಿಬಿಡೋಣ. ಹಳೆಯ ಡೆಸ್ಕ್‌ಟಾಪ್ ಕೀಲಿಮಣೆಯಲ್ಲಿ F4 ಒತ್ತಿದರೆ F4 ಅಷ್ಟೇ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಮೇಲಿನ ಸಾಲಿನ ಕೀಲಿಗಳಿಗೆ ಎರಡೆರಡು ಕೆಲಸ. ಸುಮ್ಮನೆ ಒತ್ತಿದರೆ ಮೈಕ್ ಬಂದ್ ಆಗಬಹುದು, ಪರದೆಯ ಬೆಳಕು ಏರಿಳಿಯಬಹುದು. ಅಂಥ ಯಂತ್ರದಲ್ಲಿ ಎಡಗಡೆ ಕೆಳಗಿರುವ Fn ಕೀಲಿಯನ್ನು ಹಿಡಿದುಕೊಂಡು F4 ಒತ್ತಬೇಕು. ಸುಮಾರು ಲ್ಯಾಪ್‌ಟಾಪ್‌ಗಳಲ್ಲಿ Fn ಮತ್ತು Esc ಒಟ್ಟಿಗೆ ಒತ್ತಿದರೆ ಈ ಅಡ್ಡಿ ಕಾಯಂ ಆಗಿ ತಪ್ಪುತ್ತದೆ. Esc ಕೀಲಿಯ ಮೇಲೆ ಸಣ್ಣ ಬೀಗದ ಚಿತ್ರ ಇದ್ದರೆ ಅದು ಇದಕ್ಕೇ ಇರುವುದು. ಅದೂ ಬೇಡ ಅಂದರೆ Ctrl+Y ಒತ್ತಿ. ವರ್ಡ್‌ನಲ್ಲೂ ಎಕ್ಸೆಲ್‌ನಲ್ಲೂ ಅದು F4 ಮಾಡುವ ಮರುಕೆಲಸವನ್ನೇ ಮಾಡುತ್ತದೆ. ಎಚ್ಚರ ಬೇಕಾದ್ದು Fn ಬದಲು Alt ಮೇಲೆ ಬೆರಳು ಬಿದ್ದಾಗ. Alt+F4 ಅಂದರೆ ವಿಂಡೋಸ್‌ನಲ್ಲಿ ಕಿಟಕಿ ಮುಚ್ಚು ಎಂದರ್ಥ. ಉಳಿಸದ ಕಡತವಿದ್ದರೆ ವರ್ಡ್ ಕೇಳಿಯೇ ಕೇಳುತ್ತದೆ, ಆಗ ಗಾಬರಿಯಲ್ಲಿ `Don't Save` ಒತ್ತದಿದ್ದರೆ ಸಾಕು.

ವರ್ಡ್‌ನ ಲೆಕ್ಕದಲ್ಲಿ "ಕೆಲಸ" ಅಂದರೆ ಯಾವುದು

ವರ್ಡ್ ನೀವು ಮಾಡಿದ ಬದಲಾವಣೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿಕೊಂಡು ಹೋಗುತ್ತದೆ. Ctrl+Z ಒತ್ತಿದಾಗ ಹಿಂದಕ್ಕೆ ಬರುವುದು ಈ ರಾಶಿಯಿಂದಲೇ. F4 ನೋಡುವುದು ರಾಶಿಯ ತುತ್ತತುದಿಯಲ್ಲಿರುವ ಒಂದನ್ನು ಮಾತ್ರ, ಅದರ ಕೆಳಗಿನದನ್ನು ಅದು ಕೇಳುವುದೇ ಇಲ್ಲ. ಹಾಗಾಗಿ F4 ಏನು ಮಾಡೀತು ಎಂದು ತಿಳಿಯಬೇಕಾದರೆ ಒಂದು ಸುಲಭದ ಉಪಾಯ: ಈಗ Ctrl+Z ಒತ್ತಿದರೆ ಏನು ಅಳಿಯುತ್ತಿತ್ತು ಎಂದು ಯೋಚಿಸಿ. ಯಾವುದು ಅಳಿಯುತ್ತಿತ್ತೋ ಅದೇ F4ಗೆ ಗೊತ್ತಿರುವ ಕೆಲಸ.

ಊಹಿಸುವುದೇ ಬೇಡ, ಕಣ್ಣಾರೆ ನೋಡಬೇಕು ಅನ್ನುವವರಿಗೆ ಕಿಟಕಿಯ ಮೇಲ್ಗಡೆ, ಹಿಂದಕ್ಕೆ ತಿರುಗಿದ ಬಾಣದ ಪಕ್ಕ ಒಂದು ಸುತ್ತುಬಾಣ ಇದೆ. ಮೌಸನ್ನು ಅದರ ಮೇಲೆ ಒಂದು ಕ್ಷಣ ನಿಲ್ಲಿಸಿದರೆ ಯಾವ ಕೆಲಸ ಮರುಕಳಿಸಲಿದೆ ಎಂದು ತೋರಿಸುತ್ತದೆ. `Repeat Typing` ಎಂದಿದ್ದರೆ ಟೈಪ್ ಮಾಡಿದ್ದನ್ನೇ ಮತ್ತೆ ಟೈಪ್ ಮಾಡಲಿದೆ. `Can't Repeat` ಎಂದಿದ್ದರೆ ಕೊನೆಯ ಕೆಲಸ ಮರುಕಳಿಸಲು ಬರುವಂಥದ್ದಲ್ಲ, F4 ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ.

ಪುಟ ಮೇಲೆ ಕೆಳಗೆ ಸರಿಸುವುದು, ಕರ್ಸರ್ ಇನ್ನೊಂದು ಕಡೆ ಇಡುವುದು, ಪಠ್ಯ ಆಯ್ಕೆ ಮಾಡುವುದು ಇವು ಯಾವುವೂ ಈ ರಾಶಿಗೆ ಸೇರುವುದಿಲ್ಲ. ಕಡತದಲ್ಲಿ ಏನೂ ಬದಲಾಗಿಲ್ಲವಲ್ಲ. ಅದಕ್ಕೇ ಎರಡನೇ ಪುಟದಲ್ಲಿ ಬಣ್ಣ ಹಾಕಿ, ಆರಾಮಾಗಿ ಹದಿನೆಂಟನೇ ಪುಟಕ್ಕೆ ಸರಿದು ಅಲ್ಲಿ F4 ಒತ್ತಿದರೂ ಕೆಲಸ ಆಗುತ್ತದೆ. ಆದರೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಅಕ್ಷರತಪ್ಪು ಕಂಡು ತಿದ್ದಿದಿರೋ, ಕೆಟ್ಟಿತು. ಈಗ ತುದಿಯಲ್ಲಿರುವುದು ಬಣ್ಣವಲ್ಲ, ಆ ತಿದ್ದುಪಡಿ.

ಕೆಟ್ಟಾಗ ಪರದೆಯ ಮೇಲೆ ಏನಾಗುತ್ತದೆ ಎನ್ನುವುದನ್ನು ಹತ್ತಿರದಿಂದ ನೋಡಬೇಕು. ಪರಿಚಯದ ಸೊಸೈಟಿಯೊಂದರ ಗುಮಾಸ್ತರು ಫೋನಿನಲ್ಲಿ, "ಎಂತ ಮಾರಾಯ್ರೇ ಇದು, F4 ಒತ್ತಿದ್ರೆ ಹೆಡ್ಡಿಂಗೇ ಹಾರಿಹೋಯ್ತಲ್ಲ!" ಅಂದರು. ಅವರು "ಷೇರು ಬಂಡವಾಳ" ಎಂಬ ಶೀರ್ಷಿಕೆಯನ್ನು ದಪ್ಪ ಮಾಡಿದ್ದಾರೆ. ಕೆಳಗಿನ ಸಾಲಿನಲ್ಲಿ "ರೂ" ಬಿಟ್ಟುಹೋಗಿತ್ತು, ಸೇರಿಸಿದ್ದಾರೆ. ಆಮೇಲೆ "ಸಾಲ ವಸೂಲಿ" ಎಂಬ ಮುಂದಿನ ಶೀರ್ಷಿಕೆಯನ್ನು ಆಯ್ದು F4 ಒತ್ತಿದ್ದಾರೆ. ವರ್ಡ್‌ಗೆ ಗೊತ್ತಿದ್ದ ಕೊನೆಯ ಕೆಲಸ "ರೂ" ಎಂದು ಟೈಪ್ ಮಾಡುವುದು. ಪಠ್ಯ ಆಯ್ದುಕೊಂಡು ಟೈಪ್ ಮಾಡಿದರೆ ಆಯ್ದದ್ದು ಹೋಗಿ ಟೈಪ್ ಮಾಡಿದ್ದು ಕೂರುತ್ತದಲ್ಲ, ಹಾಗೆಯೇ "ಸಾಲ ವಸೂಲಿ" ಮಾಯವಾಗಿ ಆ ಜಾಗದಲ್ಲಿ "ರೂ" ಕೂತಿದೆ.

Ctrl+Z ಒತ್ತಿದರೆ ಶೀರ್ಷಿಕೆ ವಾಪಸ್ ಬರುತ್ತದೆ. ಆದರೆ ಇಲ್ಲಿ ಇನ್ನೊಂದು ಗುಂಡಿ ಕಾದಿದೆ. ಹಿಂದಕ್ಕೆ ಬಂದ ಕೂಡಲೇ F4ರ ಅರ್ಥ ಬದಲಾಗುತ್ತದೆ. ಆಗ ಅದು ಮರುಕೆಲಸದ ಕೀಲಿಯಾಗಿರುವುದಿಲ್ಲ, ಹಿಂದೆಗೆದದ್ದನ್ನು ಮತ್ತೆ ಹಾಕುವ ಕೀಲಿ ಆಗಿರುತ್ತದೆ. Ctrl+Z ಆದ ತಕ್ಷಣ "ಈಗಲಾದರೂ ದಪ್ಪವಾಗಲಿ" ಎಂದು F4 ಒತ್ತಿದರೆ ಶೀರ್ಷಿಕೆ ಮತ್ತೆ ಹಾರಿಹೋಗುತ್ತದೆ. ಸರಿಯಾದ ದಾರಿ ಇಷ್ಟೇ: Ctrl+Z ಮಾಡಿ, ಆ ಶೀರ್ಷಿಕೆಗೆ ಒಂದು ಸಲ ಮೆನುವಿನಿಂದಲೇ ಹೊಸದಾಗಿ ರೂಪ ಕೊಡಿ. ಅಲ್ಲಿಂದ ಮುಂದಕ್ಕೆ F4 ಮತ್ತೆ ನಿಮ್ಮ ಮಾತು ಕೇಳುತ್ತದೆ. ಸಿಂಗಾರಕ್ಕೆ ಕೂತಾಗ ತಿದ್ದುವುದು ಬೇಡ, ತಿದ್ದಲು ಕೂತಾಗ ಸಿಂಗಾರ ಬೇಡ ಎಂದು ನಾನು ಹೇಳುವುದು ಈ ಕಾರಣಕ್ಕೆ. ತಪ್ಪು ಕಂಡರೆ ಪಕ್ಕದ ಕಾಗದದಲ್ಲಿ ಪುಟದ ಸಂಖ್ಯೆ ಗುರುತು ಹಾಕಿಕೊಂಡು ಮುಂದೆ ಹೋಗಿ.

ಮೂರು ಬದಲಾವಣೆ, ಒಂದೇ ಕೆಲಸ

ಈಗ ನಿಜವಾದ ಕಡತಕ್ಕೆ ಬರೋಣ. ಹೊಸನಗರ ಕಡೆಯ ಒಂದು ಪತ್ತಿನ ಸಹಕಾರ ಸಂಘದ ವರದಿ ಎಂದಿಟ್ಟುಕೊಳ್ಳಿ. ಆಡಳಿತ ಮಂಡಳಿ, ಷೇರು ಬಂಡವಾಳ, ಠೇವಣಿ, ಬೆಳೆ ಸಾಲ, ಗೊಬ್ಬರ ಮಾರಾಟ, ಲಾಭ ವಿಲೇವಾರಿ ಹೀಗೆ 22 ಶೀರ್ಷಿಕೆಗಳಿವೆ. ಎಲ್ಲವೂ ದಪ್ಪ ಅಕ್ಷರ, 14 ಅಳತೆ, ಕಡುಹಸಿರು ಬಣ್ಣದಲ್ಲಿ ಇರಬೇಕು. ಜೊತೆಗೆ ಪ್ರತಿ ಶೀರ್ಷಿಕೆಯ ಮೇಲೆ 12 ಪಾಯಿಂಟ್, ಕೆಳಗೆ 6 ಪಾಯಿಂಟ್ ಜಾಗ ಬಿಡಬೇಕು.

ಸಾಮಾನ್ಯವಾಗಿ ಎಲ್ಲರೂ ಮಾಡುವುದು ಹೀಗೆ: ಮೊದಲ ಶೀರ್ಷಿಕೆ ಆಯ್ದು ಮೇಲಿನ ಪಟ್ಟಿಯಲ್ಲಿ B ಒತ್ತುತ್ತಾರೆ, ಅಳತೆಯ ಪೆಟ್ಟಿಗೆ ತೆರೆದು 14 ಆರಿಸುತ್ತಾರೆ, ಬಣ್ಣದ ಪೆಟ್ಟಿಗೆ ತೆರೆದು ಹಸಿರು ಆರಿಸುತ್ತಾರೆ. ಐದು ಕ್ಲಿಕ್ ಆಯಿತು. ಎರಡನೇ ಶೀರ್ಷಿಕೆಗೆ F4 ಒತ್ತಿದರೆ ಹಸಿರು ಮಾತ್ರ ಬರುತ್ತದೆ. ದಪ್ಪವೂ ಇಲ್ಲ, ಅಳತೆಯೂ ಇಲ್ಲ. ಯಾಕೆಂದರೆ ನಮ್ಮ ಮನಸ್ಸಿನಲ್ಲಿ ಅದು "ಶೀರ್ಷಿಕೆ ಚಂದ ಮಾಡಿದ್ದು" ಎಂಬ ಒಂದು ಕೆಲಸ, ವರ್ಡ್‌ನ ರಾಶಿಯಲ್ಲಿ ಮೂರು ಬೇರೆ ಬೇರೆ ಕೆಲಸಗಳು, ತುದಿಯಲ್ಲಿರುವುದು ಬಣ್ಣ. F4 ಉಪಯೋಗವಿಲ್ಲ ಎಂದು ಬಹಳ ಜನ ಕೈಬಿಡುವುದು ಇಲ್ಲೇ.

ಪರಿಹಾರ ಡಯಲಾಗ್ ಪೆಟ್ಟಿಗೆಯಲ್ಲಿದೆ. ಶೀರ್ಷಿಕೆ ಆಯ್ದು Ctrl+D ಒತ್ತಿ. ಅಕ್ಷರಕ್ಕೆ ಸಂಬಂಧಪಟ್ಟ `Font` ಪೆಟ್ಟಿಗೆ ತೆರೆಯುತ್ತದೆ. ದಪ್ಪ, ಅಳತೆ, ಬಣ್ಣ ಮೂರನ್ನೂ ಅಲ್ಲೇ ಆರಿಸಿ ಒಂದು ಸಲ OK ಒತ್ತಿ. ಪೆಟ್ಟಿಗೆಯೊಳಗೆ ಎಷ್ಟೇ ಬದಲಾವಣೆ ಮಾಡಿದರೂ OK ಒತ್ತಿದಾಗ ಅವೆಲ್ಲ ಸೇರಿ ಒಂದೇ ಕೆಲಸವಾಗಿ ರಾಶಿಯ ಮೇಲೆ ಕೂರುತ್ತವೆ. ಇನ್ನುಳಿದ 21 ಶೀರ್ಷಿಕೆಗಳಿಗೆ ಪ್ರತಿಯೊಂದಕ್ಕೂ ಎಡ ಅಂಚಿನ ಖಾಲಿ ಜಾಗದಲ್ಲಿ ಒಂದು ಕ್ಲಿಕ್ ಮಾಡಿ ಸಾಲು ಆಯ್ದುಕೊಳ್ಳುವುದು, F4 ಒತ್ತುವುದು. ಮೂರೂ ಒಟ್ಟಿಗೆ ಬರುತ್ತವೆ. ಬಲಗೈ ಮೌಸ್ ಮೇಲೆ, ಎಡಗೈ ಬೆರಳು F4 ಮೇಲೆ ಇಟ್ಟುಕೊಂಡರೆ ಇಡೀ ವರದಿಯನ್ನು ಮೇಲಿಂದ ಕೆಳಗೆ ಒಂದೇ ಓಟದಲ್ಲಿ ಮುಗಿಸಬಹುದು.

ಉಳಿದದ್ದು ಮೇಲೆ ಕೆಳಗೆ ಬಿಡುವ ಜಾಗ. ಇದು ಅಕ್ಷರದ ಗುಣವಲ್ಲ, ಪ್ಯಾರಾದ ಗುಣ, ಹಾಗಾಗಿ `Font` ಪೆಟ್ಟಿಗೆಯಲ್ಲಿ ಸಿಗುವುದಿಲ್ಲ. ಶೀರ್ಷಿಕೆಯ ಮೇಲೆ ಬಲಕ್ಲಿಕ್ ಮಾಡಿ `Paragraph` ತೆರೆಯಬೇಕು. ಎರಡು ಪೆಟ್ಟಿಗೆ ಅಂದರೆ ಎರಡು ಕೆಲಸ, F4ಗೆ ನೆನಪಿರುವುದು ಒಂದೇ. ಹಾಗಾದರೆ ಏನು ಮಾಡುವುದು? ಕೆಲಸದ ಸರದಿಯನ್ನೇ ಬದಲಿಸುವುದು. ಒಂದೊಂದು ಶೀರ್ಷಿಕೆಯನ್ನು ಪೂರ್ತಿ ಮುಗಿಸಿ ಮುಂದಕ್ಕೆ ಹೋಗುವ ಬದಲು, ಮೊದಲ ಸುತ್ತಿನಲ್ಲಿ 22 ಶೀರ್ಷಿಕೆಗಳಿಗೂ ಅಕ್ಷರದ ರೂಪ ಕೊಟ್ಟು ಕೊನೆಯ ಪುಟಕ್ಕೆ ಬನ್ನಿ. ಅಲ್ಲಿರುವ ಕೊನೆಯ ಶೀರ್ಷಿಕೆಗೆ `Paragraph` ಪೆಟ್ಟಿಗೆ ತೆರೆದು `Before` ಎದುರು 12, `After` ಎದುರು 6 ಹಾಕಿ. ಅಲ್ಲೇ ಎರಡನೇ ಹಾಳೆಯಾದ `Line and Page Breaks` ತೆರೆದು `Keep with next` ಗೆ ಗುರುತು ಹಾಕಿ OK ಮಾಡಿ. ಆಮೇಲೆ ಕೆಳಗಿನಿಂದ ಮೇಲಕ್ಕೆ F4 ಒತ್ತುತ್ತಾ ಬನ್ನಿ. ಈ ಎರಡನೇ ಸುತ್ತಿನಲ್ಲಿ ಸಾಲು ಆಯ್ದುಕೊಳ್ಳುವ ಕೆಲಸವೂ ಇಲ್ಲ. ಪ್ಯಾರಾದ ಗುಣ ಬದಲಿಸಲು ಕರ್ಸರ್ ಆ ಪ್ಯಾರಾದ ಒಳಗೆ ಎಲ್ಲಾದರೂ ಇದ್ದರೆ ಸಾಕು.

`Keep with next` ಮಾತು ಸುಮ್ಮನೆ ತಂದದ್ದಲ್ಲ. "ಲಾಭ ವಿಲೇವಾರಿ" ಎಂಬ ಶೀರ್ಷಿಕೆ ಒಂದು ಪುಟದ ತಳದಲ್ಲಿ ಒಂಟಿಯಾಗಿ ನಿಂತು ಅದರ ಕೋಷ್ಟಕ ಮುಂದಿನ ಪುಟದಲ್ಲಿ ಶುರುವಾಗುವುದನ್ನು ನೀವೂ ನೋಡಿರಬಹುದು. ಆ ಗುರುತು ಇದ್ದರೆ ಶೀರ್ಷಿಕೆ ತನ್ನ ಮುಂದಿನ ಪ್ಯಾರಾದ ಜೊತೆಯಲ್ಲೇ ಇರುತ್ತದೆ. ಶೀರ್ಷಿಕೆ ಒಂಟಿಯಾಗುವುದನ್ನು ತಪ್ಪಿಸಲು ಎಂಟರ್ ಮೇಲೆ ಎಂಟರ್ ಹೊಡೆದು ಶೀರ್ಷಿಕೆಯನ್ನು ಕೆಳಗೆ ತಳ್ಳುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಮಧ್ಯೆ ಒಂದು ಸಾಲು ಸೇರಿದರೂ ಆ ಲೆಕ್ಕಾಚಾರವೆಲ್ಲ ಕೆಡುತ್ತದೆ.

ಹಸಿರಾಯಿತು, ದಪ್ಪವಾಗಲಿಲ್ಲ

ಕನ್ನಡದಂಥ ಲಿಪಿಗಳ ಕಡತಗಳಲ್ಲಿ ಕಾಣುವ ಒಂದು ತೊಡಕಿದೆ. ಇಂಗ್ಲಿಷ್ ಪಾಠಗಳಲ್ಲಿ ಇದರ ಸುದ್ದಿ ಸಿಗುವುದು ಕಡಿಮೆ. Ctrl+D ಒತ್ತಿ ದಪ್ಪ, 14, ಹಸಿರು ಆರಿಸಿ OK ಮಾಡುತ್ತೀರಿ. ಶೀರ್ಷಿಕೆ ಹಸಿರಾಗುತ್ತದೆ, ಆದರೆ ದಪ್ಪವೂ ಆಗುವುದಿಲ್ಲ, ದೊಡ್ಡದೂ ಆಗುವುದಿಲ್ಲ. ಶೀರ್ಷಿಕೆಯಲ್ಲಿ ಕೆಸಿಸಿ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದಿದ್ದರೆ ಇನ್ನೂ ವಿಚಿತ್ರ: ಆ ಮೂರು ಅಕ್ಷರ ಮಾತ್ರ ದಪ್ಪಗೆ ಉಬ್ಬಿ ನಿಲ್ಲುತ್ತವೆ, ಪಕ್ಕದ ಕನ್ನಡ ಹಾಗೇ ಸಣಕಲಾಗಿ ಉಳಿಯುತ್ತದೆ. F4 ಒತ್ತಿದರೆ ಮುಂದಿನ ಶೀರ್ಷಿಕೆಗೂ ಇದೇ ಗತಿ.

ಕಾರಣ ಇಷ್ಟು. ಯೂನಿಕೋಡ್ ಕನ್ನಡವನ್ನು ವರ್ಡ್ ಸಂಕೀರ್ಣ ಲಿಪಿಗಳ ಗುಂಪಿಗೆ ಸೇರಿಸುತ್ತದೆ. ಒತ್ತಕ್ಷರ, ಗುಣಿತ ಎಲ್ಲ ಸೇರಿ ಅಕ್ಷರದ ಆಕಾರ ಬದಲಾಗುವ ಲಿಪಿಗಳಿಗೆ ಅದು ಬೇರೆಯೇ ಲೆಕ್ಕ ಇಟ್ಟಿದೆ. ನಿಮ್ಮ ಆಫೀಸ್‌ನಲ್ಲಿ ಕನ್ನಡ ಸೇರಿಸಿಕೊಂಡಿದ್ದರೆ `Font` ಪೆಟ್ಟಿಗೆಯನ್ನು ಗಮನಿಸಿ ನೋಡಿ, ಅದರಲ್ಲಿ ಎರಡು ಭಾಗ ಇರುತ್ತವೆ. ಮೇಲೆ `Latin text`, ಕೆಳಗೆ `Complex scripts`. ಎರಡಕ್ಕೂ ಬೇರೆ ಬೇರೆ ಫಾಂಟ್, ಬೇರೆ ಬೇರೆ ಶೈಲಿ, ಬೇರೆ ಬೇರೆ ಅಳತೆ. ಬಣ್ಣ ಮಾತ್ರ ಎರಡಕ್ಕೂ ಸೇರಿ ಒಂದೇ. ಮೇಲಿನ ಭಾಗದಲ್ಲಿ ದಪ್ಪ ಮತ್ತು 14 ಆರಿಸಿದರೆ ಅದು ಇಂಗ್ಲಿಷ್ ಅಕ್ಷರಕ್ಕೆ ತಾಗುತ್ತದೆ, ಕನ್ನಡಕ್ಕೆ ತಾಗುವುದಿಲ್ಲ. ಬಣ್ಣ ಮಾತ್ರ ಎರಡಕ್ಕೂ ಬರುವುದು ಇದೇ ಕಾರಣಕ್ಕೆ. ಆದ್ದರಿಂದ ಕೆಳಗಿನ ಭಾಗದಲ್ಲಿ ಆರಿಸಿ. ಇಂಗ್ಲಿಷ್ ಬೆರೆತ ಶೀರ್ಷಿಕೆಗಳಿದ್ದರೆ ಎರಡೂ ಕಡೆ ಆರಿಸಿ ಒಂದೇ OK ಒತ್ತಿ. ಅದೂ ಒಂದೇ ಕೆಲಸ, F4 ಎರಡನ್ನೂ ಹೊತ್ತೊಯ್ಯುತ್ತದೆ.

ಹಳೆಯ ನುಡಿ ಫಾಂಟಿನ ಕಡತಗಳಲ್ಲಿ ಲೆಕ್ಕ ತಿರುಗುಮುರುಗು. ಯೂನಿಕೋಡ್ ಬರುವ ಮೊದಲಿನ ಆ ಪದ್ಧತಿಯಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ, ಫಾಂಟು ಅವನ್ನು ಕನ್ನಡದ ರೂಪದಲ್ಲಿ ತೋರಿಸುತ್ತದೆ ಅಷ್ಟೆ. ವರ್ಡ್‌ನ ಕಣ್ಣಿಗೆ ಅದು ಇಂಗ್ಲಿಷ್, ಹಾಗಾಗಿ ಮೇಲಿನ ಭಾಗವೇ ಅನ್ವಯ. ಹೋದ ವರ್ಷದ ನುಡಿ ಕಡತದಿಂದ ಅರ್ಧ, ಈ ವರ್ಷ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದು ಅರ್ಧ ಸೇರಿಸಿ ವರದಿ ಮಾಡುವ ಕಡೆ F4 ಕೆಲವು ಶೀರ್ಷಿಕೆಗಳಲ್ಲಿ ಕೆಲಸ ಮಾಡಿ ಕೆಲವದರಲ್ಲಿ ಮಾಡದಿದ್ದರೆ ಆಯ್ದ ಸಾಲಿನ ಫಾಂಟ್ ಹೆಸರು ನೋಡಿ. ಅನುಮಾನ ಅಲ್ಲೇ ಬಗೆಹರಿಯುತ್ತದೆ.

ಹುಡುಕು, ಹಚ್ಚು, ಹುಡುಕು

ಸಭೆಯ ನಡಾವಳಿಯಲ್ಲಿ ಪ್ರತಿ ವಿಷಯದ ಕೊನೆಗೆ "ತೀರ್ಮಾನ" ಎಂಬ ಮಾತು ಬಂದು ಅದರ ಕೆಳಗೆ ಠರಾವು ಇರುತ್ತದೆ. ಆ ಮಾತನ್ನು ದಪ್ಪ ಮಾಡಬೇಕು. ಎಲ್ಲವನ್ನೂ ಒಂದೇ ಏಟಿಗೆ ಬದಲಿಸುವ ವ್ಯವಸ್ಥೆ ವರ್ಡ್‌ನಲ್ಲಿದೆ. ಆದರೆ "ಕಳೆದ ಸಭೆಯ ತೀರ್ಮಾನ ಓದಿ ದೃಢೀಕರಿಸಲಾಯಿತು" ಎಂಬ ವಾಕ್ಯದ ನಡುವೆಯೂ ಅದೇ ಮಾತು ಬರುತ್ತದಲ್ಲ, ಅಲ್ಲಿ ದಪ್ಪ ಆಗಬಾರದು. ಒಂದೊಂದನ್ನೂ ಕಣ್ಣಿಟ್ಟು ನೋಡಿ ಬೇಕು, ಬೇಡ ಎಂದು ನಿರ್ಧರಿಸಬೇಕಾದ ಜಾಗ ಇದು. F4 ತನ್ನ ಬೆಲೆ ತೋರಿಸುವುದು ಇಂಥಲ್ಲಿ.

Ctrl+H ಒತ್ತಿ ಬರುವ ಪೆಟ್ಟಿಗೆಯಲ್ಲಿ `Find` ಹಾಳೆಗೆ ಹೋಗಿ "ತೀರ್ಮಾನ" ಎಂದು ಬರೆದು ಒಮ್ಮೆ ಹುಡುಕಿ. ಮೊದಲನೆಯದು ಸಿಕ್ಕ ಕೂಡಲೇ Esc ಒತ್ತಿ ಪೆಟ್ಟಿಗೆ ಮುಚ್ಚಿ. ಸಿಕ್ಕ ಮಾತು ಆಯ್ಕೆಯಾಗಿಯೇ ಉಳಿದಿರುತ್ತದೆ. ಅದು ವಾಕ್ಯದ ನಡುವಿನದಾಗಿದ್ದರೆ Shift+F4 ಒತ್ತುತ್ತಾ ಸರಿಯಾದ ಜಾಗದ್ದು ಸಿಗುವವರೆಗೆ ಮುಂದೆ ಹೋಗಿ, ಸಿಕ್ಕಿದಾಗ Ctrl+D ಯಿಂದ ಬೇಕಾದ ರೂಪ ಕೊಡಿ. ಈ Shift+F4 ಅಂದರೆ ಕೊನೆಯ ಹುಡುಕಾಟವನ್ನು ಮತ್ತೆ ಮಾಡು ಎಂದರ್ಥ. ಕರ್ಸರ್ ಮುಂದಿನ "ತೀರ್ಮಾನ"ಕ್ಕೆ ಹಾರಿ ಅದನ್ನು ಆಯ್ದುಕೊಳ್ಳುತ್ತದೆ. ಬೇಕಾದದ್ದಾದರೆ F4, ಬೇಡವಾದರೆ ಮತ್ತೆ Shift+F4. ಹುಡುಕಾಟ ಕಡತದಲ್ಲಿ ಏನನ್ನೂ ಬದಲಿಸುವುದಿಲ್ಲವಾದ್ದರಿಂದ ಅದು ರಾಶಿಯ ತುದಿಯನ್ನು ಮುಟ್ಟುವುದಿಲ್ಲ. ಹುಡುಕಾಟದ ನೆನಪು ಬೇರೆ, ಕೆಲಸದ ನೆನಪು ಬೇರೆ, ಎರಡೂ ಅಕ್ಕಪಕ್ಕ ಇರುತ್ತವೆ. ಎಡಗೈ ಎರಡು ಬೆರಳಲ್ಲಿ ನಡಾವಳಿ ಪುಸ್ತಕದಷ್ಟು ಉದ್ದದ ಕಡತ ಮುಗಿಯುತ್ತದೆ, ಮೌಸ್ ಮುಟ್ಟಬೇಕಿಲ್ಲ.

ಬ್ರಷ್ ಇದೆಯಲ್ಲ, ಇದ್ಯಾಕೆ

ಈ ಪ್ರಶ್ನೆ ಬಂದೇ ಬರುತ್ತದೆ. ಪೇಂಟ್ ಬ್ರಷ್ ಚಿತ್ರದ `Format Painter` ಗೊತ್ತಿರುವವರು ಅದನ್ನೇ ಹಿಡಿದುಕೊಂಡಿರುತ್ತಾರೆ. ಎರಡು ಸಲ ಕ್ಲಿಕ್ ಮಾಡಿದರೆ ಬ್ರಷ್ ಕೈಯಲ್ಲೇ ಉಳಿದು, Esc ಒತ್ತುವವರೆಗೆ ಸಿಕ್ಕಸಿಕ್ಕ ಕಡೆ ಹಚ್ಚಬಹುದು. ಒಳ್ಳೆಯದೇ. ಆದರೆ ಎರಡರ ಗುಣ ಬೇರೆ. ಬ್ರಷ್ ಒಂದು ಕಡೆಯ ಪೂರ್ತಿ ರೂಪವನ್ನು ಎತ್ತಿ ಇನ್ನೊಂದು ಕಡೆ ಬಳಿಯುತ್ತದೆ. F4 ನೀವು ಮಾಡಿದ ಬದಲಾವಣೆಯನ್ನು ಮಾತ್ರ ಒಯ್ಯುತ್ತದೆ. ವರದಿಯ ಒಂದು ಪ್ಯಾರಾಕ್ಕೆ ಹಳದಿ ಹಿನ್ನೆಲೆ ಹಾಕಿದಿರಿ, ಆಡಿಟರ್ ಗಮನಕ್ಕೆ ಬರಲಿ ಎಂದು. ಇನ್ನೊಂದು ಕಡೆ ಓರೆ ಅಕ್ಷರದಲ್ಲಿರುವ ಟಿಪ್ಪಣಿಗೂ ಹಳದಿ ಬೇಕು. ಬ್ರಷ್ ಹಚ್ಚಿದರೆ ಓರೆ ಹೋಗಿ ಮೊದಲ ಪ್ಯಾರಾದ ಅಕ್ಷರ, ಅಳತೆ ಎಲ್ಲ ಬರಬಹುದು. F4 ಒತ್ತಿದರೆ ಹಳದಿ ಬರುತ್ತದೆ, ಓರೆ ಅಲ್ಲೇ ಇರುತ್ತದೆ. ಎಲ್ಲ ಒಂದೇ ಥರ ಕಾಣಬೇಕಾದಲ್ಲಿ ಬ್ರಷ್, ಇದ್ದದ್ದು ಇದ್ದ ಹಾಗೇ ಇದ್ದು ಒಂದು ಮಾತ್ರ ಸೇರಬೇಕಾದಲ್ಲಿ F4.

ಆ 22 ಶೀರ್ಷಿಕೆಗಳಿಗೆ F4 ಅತ್ಯುತ್ತಮ ದಾರಿಯೇ ಎಂದು ಕೇಳಿದರೆ ನಾನು ಅಲ್ಲ ಎನ್ನುತ್ತೇನೆ. ಪ್ರತಿ ವರ್ಷ ಬರುವ ವರದಿಗೆ `Heading 1` ಮುಂತಾದ ಸ್ಟೈಲ್ ಬಳಸುವುದೇ ಸರಿ. ಅಧ್ಯಕ್ಷರು ಕೊನೆಗಳಿಗೆಯಲ್ಲಿ "ಹಸಿರು ಬೇಡ, ನೀಲಿ ಮಾಡಿ" ಅಂದರೆ ಸ್ಟೈಲ್‌ನಲ್ಲಿ ಒಂದು ಕಡೆ ಬದಲಿಸಿದರೆ ಮುಗಿಯಿತು, F4 ಹಾದಿಯಲ್ಲಿ ಮತ್ತೆ 22 ಕಡೆ ಓಡಾಡಬೇಕು. ಖುಷಿಯ ವಿಷಯವೆಂದರೆ ಸ್ಟೈಲ್ ಹಾಕುವುದೂ ಒಂದು ಕೆಲಸವೇ. ಮೊದಲ ಶೀರ್ಷಿಕೆಗೆ ಸ್ಟೈಲ್ ಕೊಟ್ಟು, ಉಳಿದವುಗಳಲ್ಲಿ ಕರ್ಸರ್ ಇಟ್ಟು F4 ಒತ್ತುತ್ತಾ ಹೋದರೆ ಅಕ್ಷರ, ಪ್ಯಾರಾ ಎರಡರ ಗುಣವೂ ಒಂದೇ ಸುತ್ತಿನಲ್ಲಿ ಬರುತ್ತವೆ. ಬೇರೆಯವರು ಕೊಟ್ಟ, ಇವತ್ತೇ ಮುಗಿಸಿ ಕೊಡಬೇಕಾದ, ಯಾವ ಸ್ಟೈಲೂ ಇಲ್ಲದ ಕಡತವಾದರೆ ನೇರ F4ಗೇ ಕೈ ಹಾಕಿ.

ಎಕ್ಸೆಲ್‌ನಲ್ಲಿ F4ಗೆ ಎರಡು ಮುಖ

ಎಕ್ಸೆಲ್‌ನಲ್ಲೂ ಮೂಲ ಲೆಕ್ಕ ಇದೇ. ಅಡಿಕೆ ಕೊಟ್ಟ ಸದಸ್ಯರ ಪಟ್ಟಿ ಇದೆ: ಹೆಸರು, ಊರು, ಬಗೆ, ತೂಕ, ಮೊತ್ತ. ಊರಿನ ಪ್ರಕಾರ ಜೋಡಿಸಿದ್ದಾಗಿದೆ. ಪ್ರತಿ ಊರಿನ ಕೊನೆಗೆ ಒಂದು ಖಾಲಿ ಸಾಲು ಸೇರಿಸಿ ಅಲ್ಲಿ ಒಟ್ಟು ಬರೆಯಬೇಕು. ಸಾಲಿನ ಸಂಖ್ಯೆಯ ಮೇಲೆ ಬಲಕ್ಲಿಕ್ ಮಾಡಿ `Insert` ಒತ್ತಿ, ಒಂದು ಸಾಲು ಸೇರಿತು. ಇನ್ನು ಮುಂದಿನ ಊರು ಶುರುವಾಗುವ ಸಾಲಿನ ಸಂಖ್ಯೆ ಒತ್ತಿ F4, ಅದರ ಮುಂದಿನದು ಒತ್ತಿ F4. ಆ ಒಟ್ಟು ಸಾಲುಗಳಿಗೆ ರೂಪ ಕೊಡಲು Ctrl+1 ಒತ್ತಿ `Format Cells` ತೆರೆಯಿರಿ. ದಪ್ಪ ಅಕ್ಷರ, ಮೇಲೊಂದು ಗೆರೆ, ತೆಳು ಹಿನ್ನೆಲೆ ಬಣ್ಣ ಬೇರೆ ಬೇರೆ ಹಾಳೆಗಳಲ್ಲಿದ್ದರೂ ಪೆಟ್ಟಿಗೆ ಒಂದೇ, OK ಒಂದೇ, ಆದ್ದರಿಂದ ಕೆಲಸವೂ ಒಂದೇ. ವರ್ಡ್‌ನ ಅಭ್ಯಾಸದಲ್ಲಿ ಇಲ್ಲಿ Ctrl+D ಒತ್ತಿಬಿಡಬೇಡಿ. ಎಕ್ಸೆಲ್‌ನಲ್ಲಿ ಅದು ಮೇಲಿನ ಕೋಶದಲ್ಲಿದ್ದದ್ದನ್ನು ಕೆಳಕ್ಕೆ ತುಂಬುತ್ತದೆ, ಒಬ್ಬರ ಮೊತ್ತ ಇನ್ನೊಬ್ಬರ ಹೆಸರಿಗೆ ಬೀಳುತ್ತದೆ.

ಇನ್ನೊಂದು ಮುಖ ಕಾಣುವುದು ಕೋಶದೊಳಗೆ ಸೂತ್ರ ಬರೆಯುತ್ತಿರುವಾಗ. ರಾಶಿ ಅಡಿಕೆಯ ಕ್ವಿಂಟಾಲ್ ದರ F1 ಕೋಶದಲ್ಲಿದೆ, ಲೆಕ್ಕಕ್ಕೆ 45,000 ಎಂದಿಟ್ಟುಕೊಳ್ಳಿ. ತೂಕ D ಕಾಲಮ್‌ನಲ್ಲಿ ಕಿಲೋ ಲೆಕ್ಕದಲ್ಲಿದೆ. ಮೊತ್ತಕ್ಕೆ ಸೂತ್ರ:

```
=D5/100*$F$1
```

ತೂಕ 62 ಕಿಲೋ ಇದ್ದರೆ ಮೊತ್ತ 27,900. ಸೂತ್ರದಲ್ಲಿ F1 ಎಂದು ಬರೆದು ಕರ್ಸರ್ ಅಲ್ಲೇ ಇರುವಾಗ F4 ಒತ್ತಿದರೆ ಎಕ್ಸೆಲ್ ತಾನೇ ಡಾಲರ್ ಗುರುತು ಹಾಕುತ್ತದೆ. ಮತ್ತೆ ಮತ್ತೆ ಒತ್ತಿದರೆ ಹೀಗೆ ಸುತ್ತುತ್ತದೆ:

```
F1 → $F$1 → F$1 → $F1 → F1
```

ಡಾಲರ್ ಇದ್ದ ಭಾಗ ಸೂತ್ರವನ್ನು ಕೆಳಗೆ ಎಳೆದಾಗಲೂ ಕದಲುವುದಿಲ್ಲ, ದರದ ಕೋಶ ಒಂದೇ ಆಗಿ ಉಳಿಯುತ್ತದೆ. ಬಣ್ಣ ಬರಲೆಂದು F4 ಒತ್ತಿದಾಗ ಬಣ್ಣ ಬಾರದೆ ಡಾಲರ್ ಗುರುತು ಬಂತೆಂದರೆ ನೀವು ಕೋಶದ ಒಳಗೆ ಇದ್ದೀರಿ ಎಂದರ್ಥ. Esc ಒತ್ತಿ ಹೊರಗೆ ಬಂದು ಕೋಶವನ್ನು ಬರೀ ಆಯ್ಕೆ ಮಾಡಿಕೊಂಡು F4 ಒತ್ತಿ. Esc ಬದಲು Enter ಒತ್ತಿದ್ದರೆ ಸೂತ್ರ ಬರೆದದ್ದೇ ಹೊಸ "ಕೊನೆಯ ಕೆಲಸ" ಆಗಿಬಿಟ್ಟಿರುತ್ತದೆ, ಬಣ್ಣದ ನೆನಪು ಹೋಗಿರುತ್ತದೆ. ಹೀಗಾಗಿ ಒಟ್ಟು ಸಾಲುಗಳನ್ನೆಲ್ಲ ಮೊದಲು ಸೇರಿಸಿ, ಎಲ್ಲಕ್ಕೂ ಒಂದೇ ಸುತ್ತಿನಲ್ಲಿ ರೂಪ ಕೊಟ್ಟು, ಸೂತ್ರಗಳನ್ನು ಕೊನೆಗೆ ಬರೆಯಿರಿ.

ಲಿಬ್ರೆ ಆಫೀಸ್ ಬಳಸುವ ಕಚೇರಿ, ಶಾಲೆಗಳಲ್ಲಿ ಮರುಕೆಲಸಕ್ಕೆ F4 ಇಲ್ಲ, ಅಲ್ಲಿನ ಕೀಲಿ Ctrl+Shift+Y. ಅಲ್ಲಿನ ಕ್ಯಾಲ್ಕ್‌ನಲ್ಲಿ F4 ಒತ್ತಿದರೆ ಡಾಲರ್ ಗುರುತಿನ ಸುತ್ತಾಟ ಮಾತ್ರ ಎಕ್ಸೆಲ್‌ನ ಹಾಗೇ ನಡೆಯುತ್ತದೆ.